ಜ್ವರ ಬಿಟ್ಟ ಮೇಲೆ ಎಷ್ಟು ಗಂಟೆ? ನೆಗಡಿ, ಫ್ಲೂ ಬಂದ ಮಗುವನ್ನು ಮತ್ತೆ ಶಾಲೆಗೆ ಕಳುಹಿಸುವ ಲೆಕ್ಕ

ಬೆಳಿಗ್ಗೆ ಆರೂವರೆಗೆ ಮಗುವಿನ ಹಣೆ ಮುಟ್ಟಿ ನೋಡುತ್ತೇವೆ, ತಣ್ಣಗಿರುತ್ತದೆ. ಥರ್ಮಾಮೀಟರ್ ಇಟ್ಟರೆ 98.4 ಡಿಗ್ರಿ ತೋರಿಸುತ್ತದೆ. ಹಿಂದಿನ ರಾತ್ರಿ ಕೆಂಡದಂತೆ ಮೈ ಕಾಯುತ್ತಿದ್ದ ಮಗು ಈಗ ತಾನಾಗಿಯೇ ಎದ್ದು ಹಲ್ಲುಜ್ಜುತ್ತಿರುವುದನ್ನು ಕಂಡು, ಜ್ವರ ಬಿಟ್ಟಿತು, ಇನ್ನು ಶಾಲೆಗೆ ಕಳುಹಿಸಬಹುದು ಎಂದುಕೊಳ್ಳುತ್ತೇವೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಶಾಲೆಯಿಂದ ಫೋನ್ ಬರುತ್ತದೆ: ಮಗು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದೆ, ಮೈ ಸುಡುತ್ತಿದೆ, ಬಂದು ಕರೆದುಕೊಂಡು ಹೋಗಿ. ನನ್ನ ಮಗನ ವಿಷಯದಲ್ಲಿ ನಾನು ಈ ತಪ್ಪನ್ನು ಒಂದಲ್ಲ, ಎರಡು ಸಲ ಮಾಡಿದ್ದೇನೆ. ಎರಡನೆಯ ಸಲವೂ ನನಗೆ ಮೋಸ ಮಾಡಿದ್ದು ಅದೇ ಬೆಳಗಿನ ಥರ್ಮಾಮೀಟರ್.

ಶಾಲೆಗೆ ಮರಳುವ ಬಗ್ಗೆ ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ ಚಿಕ್ಕದು. ಜ್ವರ ಇಳಿಸುವ ಔಷಧಿಯ ಸಹಾಯವಿಲ್ಲದೆ ಮಗು 24 ಗಂಟೆ ಜ್ವರವಿಲ್ಲದೆ ಕಳೆದಿರಬೇಕು, ಮತ್ತು ಕೆಮ್ಮು, ನೋವು, ಸುಸ್ತು ಮುಂತಾದ ಉಳಿದ ಲಕ್ಷಣಗಳು ಒಟ್ಟಾರೆಯಾಗಿ ಇಳಿಮುಖವಾಗಿರಬೇಕು. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2024ರಲ್ಲಿ ಕೋವಿಡ್, ಫ್ಲೂ ಮತ್ತಿತರ ಉಸಿರಾಟದ ವೈರಸ್ ಸೋಂಕುಗಳೆಲ್ಲಕ್ಕೂ ಇದೇ ಒಂದು ನಿಯಮವನ್ನು ಅನ್ವಯಿಸಿತು. ನಿಯಮವನ್ನು ಬಾಯಿಪಾಠ ಒಪ್ಪಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ 24 ಗಂಟೆಯ ಎಣಿಕೆ ಯಾವ ಕ್ಷಣದಿಂದ ಶುರುವಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಈ ಲೇಖನ ಮುಖ್ಯವಾಗಿ ಆ ಎಣಿಕೆಯನ್ನು ಕುರಿತದ್ದು.

ಮೊದಲ ಹೆಜ್ಜೆ: ಇದು ಬರೀ ನೆಗಡಿಯೋ, ಫ್ಲೂವೋ ಎಂದು ಅಂದಾಜು ಮಾಡಿ

ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು. ಆದರೂ ಕಾಯಿಲೆ ಶುರುವಾದ ರೀತಿಯೇ ಬಹಳಷ್ಟನ್ನು ಹೇಳುತ್ತದೆ. ನೆಗಡಿ ಮೆಲ್ಲಗೆ ಬರುತ್ತದೆ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ನೀರಿನಂತೆ ಸುರಿಯುವ ಮೂಗು, ಎರಡು ಮೂರು ದಿನಕ್ಕೆ ಮೂಗು ಕಟ್ಟುವುದು, ಕೊನೆಗೆ ಕೆಮ್ಮು. ಜ್ವರ ಬಂದರೂ ಸಣ್ಣದಾಗಿರುತ್ತದೆ, ಮಗು ಆಡುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಫ್ಲೂ, ಅಂದರೆ ಇನ್‌ಫ್ಲುಯೆಂಜಾ, ಹಾಗಲ್ಲ. ಎಷ್ಟು ಗಂಟೆಗೆ ಶುರುವಾಯಿತು ಎಂದು ಗಡಿಯಾರ ನೋಡಿ ಹೇಳಬಹುದಾದಷ್ಟು ಥಟ್ಟನೆ ಅದು ಬಂದೆರಗುತ್ತದೆ. ಚಳಿ, 102 ಡಿಗ್ರಿಯನ್ನು ದಾಟುವ ಜ್ವರ, ತಲೆನೋವು, ಮೈಕೈ ನೋವು. ಇವೆಲ್ಲ ಒಂದೇ ಸಂಜೆಯಲ್ಲಿ ಬಂದು ಮಗುವನ್ನು ಹಾಸಿಗೆಗೆ ಕೆಡವುತ್ತವೆ. ಚಿಕ್ಕ ಮಕ್ಕಳಲ್ಲಿ ವಾಂತಿ, ಭೇದಿಯೂ ಆಗಬಹುದು.

ಈ ಅಂದಾಜು ಬೇಕಾಗುವುದು ದಿನಗಳ ಲೆಕ್ಕಕ್ಕಾಗಿ. ಫ್ಲೂ ವೈರಸ್ ಲಕ್ಷಣಗಳು ಕಾಣುವುದಕ್ಕೆ ಸುಮಾರು ಒಂದು ದಿನ ಮೊದಲೇ ಇತರರಿಗೆ ಹರಡಲು ಶುರುವಾಗಿರುತ್ತದೆ. ಕಾಯಿಲೆಯ ಮೊದಲ ಮೂರು ನಾಲ್ಕು ದಿನ ಅದು ಅತಿ ಹೆಚ್ಚಾಗಿ ಹರಡುತ್ತದೆ, ಐದರಿಂದ ಏಳು ದಿನದವರೆಗೂ ಸ್ವಲ್ಪ ಸ್ವಲ್ಪ ಹರಡುತ್ತಲೇ ಇರುತ್ತದೆ, ಚಿಕ್ಕ ಮಕ್ಕಳಲ್ಲಿ ಇನ್ನೂ ಕೆಲವು ದಿನ ಹೆಚ್ಚು. ಜ್ವರ ಸಾಮಾನ್ಯವಾಗಿ ಮೂರು ನಾಲ್ಕು ದಿನ ಇರುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ, ಫ್ಲೂ ಎಂದು ತೋರಿದ ಮಗುವಿಗೆ ಮೊದಲ ದಿನವೇ ನಾಲ್ಕರಿಂದ ಆರು ದಿನದ ರಜೆಯನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಮನೆಯಲ್ಲಿ ಯಾರು ಯಾವ ದಿನ ಇರಬೇಕೆಂದು ಹಂಚಿಕೊಳ್ಳಬಹುದು. ‘ನಾಳೆ ನೋಡೋಣ’ ಎಂದು ಪ್ರತಿ ರಾತ್ರಿ ಮುಂದೂಡುವ ಮನೆಯಲ್ಲಿಯೇ ಬೆಳಗಿನ ತಪ್ಪು ನಿರ್ಧಾರಗಳು ಹೆಚ್ಚು.

ಜ್ವರವಿಲ್ಲದ ನೆಗಡಿಗೆ ರಜೆ ಬೇಕೇ?

ಬಹುಪಾಲು ಬೇಡ. ಶಾಲೆಗೆ ಹೋಗುವ ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿಯಾಗುವುದು ಸಾಮಾನ್ಯ, ಪ್ರತಿಯೊಂದೂ ಏಳರಿಂದ ಹತ್ತು ದಿನ ಎಳೆಯುತ್ತದೆ. ಮೂಗು ಪೂರ್ತಿ ಒಣಗುವವರೆಗೂ ಮನೆಯಲ್ಲಿರಲಿ ಎಂದು ಪಟ್ಟು ಹಿಡಿದರೆ ವರ್ಷದಲ್ಲಿ ಅರವತ್ತು, ಎಪ್ಪತ್ತು ದಿನ ಹಾಗೆಯೇ ಕಳೆದುಹೋಗುತ್ತವೆ. ಇದರಿಂದ ಉಳಿದ ಮಕ್ಕಳಿಗೆ ಆಗುವ ರಕ್ಷಣೆಯೂ ಅಷ್ಟಕ್ಕಷ್ಟೆ. ಏಕೆಂದರೆ ನೆಗಡಿಯ ವೈರಸ್‌ಗಳು ಅತಿ ಹೆಚ್ಚು ಹರಡುವುದು ಮೊದಲ ಎರಡು ಮೂರು ದಿನಗಳಲ್ಲಿ, ಮತ್ತು ಅಷ್ಟರಲ್ಲಿ ಒಂದಿಷ್ಟು ಹರಡುವಿಕೆ ನಮಗೆ ಗೊತ್ತಾಗುವ ಮೊದಲೇ ನಡೆದುಹೋಗಿರುತ್ತದೆ.

ಆದ್ದರಿಂದ ಜ್ವರವಿಲ್ಲದ ನೆಗಡಿಯಲ್ಲಿ ನೋಡಬೇಕಾದದ್ದು ಮಗು ಆ ದಿನವನ್ನು ತರಗತಿಯಲ್ಲಿ ಕಳೆಯಬಲ್ಲದೇ ಎಂಬುದನ್ನು. ರಾತ್ರಿ ನಿದ್ದೆ ಬಂದಿದೆಯೇ? ಬೆಳಿಗ್ಗೆ ಏನಾದರೂ ತಿಂದಿತೇ? ತನ್ನ ಮೂಗನ್ನು ತಾನೇ ಒರೆಸಿಕೊಂಡು ಕೈ ತೊಳೆಯುವಷ್ಟು ದೊಡ್ಡದಾಗಿದೆಯೇ? ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ನಾಲ್ಕು ಸಲ ಕೆಮ್ಮುವಂತಿದ್ದರೆ ಜ್ವರ ಇಲ್ಲದಿದ್ದರೂ ಒಂದೆರಡು ದಿನ ಮನೆಯಲ್ಲಿರುವುದು ಮೇಲು. ಐದು ವರ್ಷದ ಹುಡುಗನೊಬ್ಬನಿಗೆ ಸೋಮವಾರ ಮೂಗು ಸೋರಲು ಶುರುವಾಗಿ, ಮಂಗಳವಾರ ಕ್ಷಣಕ್ಕೊಮ್ಮೆ ಸೀನುತ್ತ, ಅಂಗಿಯ ತೋಳಿಗೇ ಮೂಗು ಒರೆಸಿಕೊಳ್ಳುತ್ತಿದ್ದಾನೆ ಎಂದುಕೊಳ್ಳಿ. ಮಂಗಳವಾರ ಮನೆಯಲ್ಲಿ ಇರಿಸಿಕೊಂಡು, ಬುಧವಾರ ಸೀನು ಕಡಿಮೆಯಾಗಿ ಆಟಕ್ಕೆ ಇಳಿದಿದ್ದರೆ ಗುರುವಾರ ಕಳುಹಿಸಬಹುದು, ಆಗಲೂ ಮೂಗು ಸೋರುತ್ತಿದ್ದರೆ ಅದೊಂದೇ ಕಾರಣಕ್ಕೆ ತಡೆಯಬೇಕಾಗಿಲ್ಲ.

ಸಿಂಬಳದ ಬಣ್ಣದ ಬಗ್ಗೆ ಒಂದು ಮಾತು. ಮೂರ್ನಾಲ್ಕನೆಯ ದಿನ ಸಿಂಬಳ ಗಟ್ಟಿಯಾಗಿ ಹಳದಿ, ಹಸಿರು ಬಣ್ಣಕ್ಕೆ ತಿರುಗಿದಾಗ ‘ಸೋಂಕು ಜೋರಾಯಿತು’ ಎಂದು ಮಗುವನ್ನು ಶಾಲೆಯಿಂದ ವಾಪಸ್ ಕಳುಹಿಸುವುದನ್ನು ಕಂಡಿದ್ದೇನೆ. ಸೋಂಕಿನ ಜಾಗಕ್ಕೆ ಬಂದು ಸೇರುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವವಿದೆ. ಬಣ್ಣ ಬರುವುದು ಅದರಿಂದ. ನೆಗಡಿ ತನ್ನ ಸಹಜ ಹಾದಿಯಲ್ಲಿ ಸಾಗುತ್ತಿದೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ಹರಡುವ ದೃಷ್ಟಿಯಿಂದ ನೋಡಿದರೆ ಮೊದಲೆರಡು ದಿನದ ನೀರಿನಂತಹ ಸಿಂಬಳವೇ ಹೆಚ್ಚು ಅಪಾಯದ್ದು.

ಎರಡನೆಯ ಹೆಜ್ಜೆ: ಜ್ವರವನ್ನು ಸರಿಯಾಗಿ ಅಳೆಯಿರಿ

ಈ ಲೆಕ್ಕದಲ್ಲಿ ಜ್ವರ ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು, ಸೆಲ್ಸಿಯಸ್‌ನಲ್ಲಿ 38. ಹಣೆ ಮುಟ್ಟಿ ನೋಡಿದ್ದು ಲೆಕ್ಕಕ್ಕೆ ಬಾರದು. ಈಗಷ್ಟೇ ತಣ್ಣೀರು ಮುಟ್ಟಿದ ಕೈಗೆ ಆರೋಗ್ಯವಂತ ಮಗುವಿನ ಹಣೆಯೂ ಬಿಸಿಯಾಗಿ ತೋರುತ್ತದೆ. ಡಿಜಿಟಲ್ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟು ಅಳೆಯುವುದು ಸುಲಭ. ಆದರೆ ಕಂಕುಳಿನ ಅಳತೆ ದೇಹದ ಒಳಗಿನ ನಿಜವಾದ ತಾಪಕ್ಕಿಂತ ಕಡಿಮೆ ತೋರಿಸುತ್ತದೆ. ಹೀಗಾಗಿ ಅಲ್ಲಿ 99 ದಾಟಿದರೆ ಅನುಮಾನಿಸಿ, ಥರ್ಮಾಮೀಟರನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಬಾಯಿ ಮುಚ್ಚಿಕೊಳ್ಳಬಲ್ಲ ವಯಸ್ಸಿನ ಮಗುವಾದರೆ ಬಾಯಲ್ಲಿ ಇನ್ನೊಮ್ಮೆ ಅಳೆಯಿರಿ. ಬಿಸಿ ಅಥವಾ ತಣ್ಣನೆಯದೇನಾದರೂ ಕುಡಿದಿದ್ದರೆ ಬಾಯಲ್ಲಿ ಅಳೆಯುವ ಮೊದಲು ಅರ್ಧ ಗಂಟೆ ಬಿಡಿ.

ಎಲ್ಲಿ ಅಳೆದರೂ ಒಂದೇ ಉಪಕರಣದಿಂದ, ಒಂದೇ ಜಾಗದಲ್ಲಿ ಅಳೆಯುವುದು ಮುಖ್ಯ. ಬೆಳಿಗ್ಗೆ ಕಂಕುಳಲ್ಲಿ 98.9, ಸಂಜೆ ಬಾಯಲ್ಲಿ 100.2 ಬಂದರೆ ಏರಿದೆಯೋ ಇಳಿದಿದೆಯೋ ಎಂದು ಯಾರೂ ಹೇಳಲಾರರು.

ಇನ್ನು ಬೆಳಗಿನ ಮೋಸದ ಗುಟ್ಟು. ಮನುಷ್ಯನ ದೇಹದ ತಾಪ ದಿನವಿಡೀ ಒಂದೇ ಆಗಿರುವುದಿಲ್ಲ. ನಸುಕಿನಲ್ಲಿ ಅತಿ ಕಡಿಮೆ ಇದ್ದು, ಮಧ್ಯಾಹ್ನದ ನಂತರ ಏರುತ್ತ ಹೋಗಿ, ಸಂಜೆಯ ಹೊತ್ತಿಗೆ ಅತಿ ಹೆಚ್ಚು ಇರುತ್ತದೆ. ಜ್ವರವೂ ಬಹುಮಟ್ಟಿಗೆ ಇದೇ ತಾಳಕ್ಕೆ ಕುಣಿಯುತ್ತದೆ. ಬೆಳಿಗ್ಗೆ ಆರೂವರೆಯ 98.4ಕ್ಕೆ ಆ ಕ್ಷಣದ ಮಟ್ಟಿಗಷ್ಟೇ ಬೆಲೆ. ಜ್ವರ ನಿಜವಾಗಿ ಬಿಟ್ಟಿದೆಯೇ ಎಂಬುದನ್ನು ಒರೆಗೆ ಹಚ್ಚುವುದು ಸಂಜೆ ಐದರಿಂದ ಎಂಟು ಗಂಟೆಯ ಅಳತೆ. ನಿಯಮ 24 ಗಂಟೆಗಳನ್ನು ಕೇಳುವುದಕ್ಕೆ ನನಗೆ ಕಾಣುವ ಒಂದು ಒಳ್ಳೆಯ ಕಾರಣವೂ ಇದೇ. ಅಷ್ಟು ಹೊತ್ತಿನೊಳಗೆ ಒಂದು ಸಂಜೆ ಇದ್ದೇ ಇರುತ್ತದೆ.

ಮೂರನೆಯ ಹೆಜ್ಜೆ: ಔಷಧಿ ಕೊಟ್ಟ ಹೊತ್ತನ್ನು ಬರೆದಿಡಿ

ಪ್ಯಾರಾಸಿಟಮಾಲ್‌ನ ಪರಿಣಾಮ ನಾಲ್ಕರಿಂದ ಆರು ಗಂಟೆ ಇರುತ್ತದೆ, ಐಬುಪ್ರೊಫೇನ್‌ನದು ಆರರಿಂದ ಎಂಟು ಗಂಟೆ. ಈ ಅವಧಿಯಲ್ಲಿ ಅಳೆದ ತಾಪ ಔಷಧಿಯ ಗುಣವನ್ನು ಹೇಳುತ್ತದೆಯೇ ಹೊರತು ಕಾಯಿಲೆಯ ಸ್ಥಿತಿಯನ್ನಲ್ಲ. ಬೆಳಿಗ್ಗೆ ಏಳಕ್ಕೆ ಒಂದು ಡೋಸ್ ಕೊಟ್ಟು ಕಳುಹಿಸಿದರೆ ಮಗು ಹನ್ನೊಂದರವರೆಗೆ ಲವಲವಿಕೆಯಿಂದ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಔಷಧಿಯ ಶಕ್ತಿ ತಗ್ಗುವುದೂ ದೇಹದ ತಾಪ ತಾನಾಗಿ ಏರುವ ಹೊತ್ತೂ ಒಟ್ಟಿಗೆ ಸೇರುತ್ತವೆ. ಶಾಲೆಯಿಂದ ಫೋನ್ ಬರುವುದು ಆಗಲೇ.

ಇಲ್ಲಿ ಅನೇಕರು ಎಡವುವ ಇನ್ನೊಂದು ಜಾಗವಿದೆ. ‘ಜ್ವರದ ಔಷಧಿ ಕೊಟ್ಟಿಲ್ಲ, ನೆಗಡಿಯ ಸಿರಪ್ ಮಾತ್ರ ಕೊಟ್ಟಿದ್ದೇವೆ’ ಎನ್ನುತ್ತಾರೆ. ನೆಗಡಿ, ಕೆಮ್ಮಿಗೆಂದು ಸಿಗುವ ಹಲವು ಮಿಶ್ರಣದ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಬಾಟಲಿಯ ಲೇಬಲ್ಲಿನಲ್ಲಿ ಔಷಧಿಯ ಅಂಶಗಳ ಪಟ್ಟಿಯನ್ನು ಓದಿ. ಪ್ಯಾರಾಸಿಟಮಾಲ್ ಅಥವಾ ಅದರ ಇನ್ನೊಂದು ಹೆಸರಾದ ಅಸಿಟಾಮಿನೊಫೆನ್ ಅಲ್ಲಿದ್ದರೆ ಅದನ್ನು ಜ್ವರದ ಔಷಧಿಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಎರಡು ತೊಂದರೆಗಳು: 24 ಗಂಟೆಯ ಲೆಕ್ಕ ತಪ್ಪುತ್ತದೆ ಎಂಬುದು ಚಿಕ್ಕದು, ಜೊತೆಗೆ ಬೇರೆಯಾಗಿ ಪ್ಯಾರಾಸಿಟಮಾಲ್ ಕೂಡ ಕೊಟ್ಟು ಡೋಸ್ ಮಿತಿ ಮೀರಿ ಮಗುವಿನ ಯಕೃತ್ತಿಗೆ ಹಾನಿಯಾಗಬಹುದು ಎಂಬುದು ದೊಡ್ಡದು. ಡೋಸನ್ನು ಮಗುವಿನ ತೂಕ ನೋಡಿ ವೈದ್ಯರು ಹೇಳಿದಂತೆಯೇ ಕೊಡಬೇಕು. ಫ್ಲೂ ಅನುಮಾನವಿರುವ ಮಕ್ಕಳಿಗೆ ಆಸ್ಪಿರಿನ್ ಮಾತ್ರ ಎಂದಿಗೂ ಕೊಡಬಾರದು. ಮಿದುಳಿಗೂ ಯಕೃತ್ತಿಗೂ ಏಟು ಕೊಡುವ ರೇ ಸಿಂಡ್ರೋಮ್ ಎಂಬ ವಿರಳವಾದರೂ ಭೀಕರ ಕಾಯಿಲೆಗೂ ಅದಕ್ಕೂ ನಂಟಿದೆ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಹೊತ್ತು, ತಾಪ, ಕೊಟ್ಟ ಔಷಧಿ ಎಂದು ಮೂರು ಕಾಲಂಗಳನ್ನು ಎಳೆದರೆ ಸಾಕು. ಅಪ್ಪ ರಾತ್ರಿ ಹನ್ನೊಂದಕ್ಕೆ ಕೊಟ್ಟದ್ದು ಬೆಳಿಗ್ಗೆ ಏಳುವ ಅಮ್ಮನಿಗೆ ಕೇಳದೆಯೇ ಗೊತ್ತಾಗಬೇಕು.

ನಾಲ್ಕನೆಯ ಹೆಜ್ಜೆ: ಗಡಿಯಾರವನ್ನು ಸರಿಯಾದ ಜಾಗದಿಂದ ಶುರು ಮಾಡಿ

ನಾನು ಅನುಸರಿಸುವ ರೀತಿ ಹೀಗಿದೆ. ಹಾಳೆಯಲ್ಲಿ ಎರಡು ಹೊತ್ತುಗಳನ್ನು ಹುಡುಕಬೇಕು. ಒಂದು, 100.4 ಅಥವಾ ಹೆಚ್ಚು ಬಂದ ಕೊನೆಯ ಅಳತೆ. ಇನ್ನೊಂದು, ಕೊನೆಯ ಡೋಸಿನ ಪರಿಣಾಮ ಮುಗಿದ ಹೊತ್ತು, ಅಂದರೆ ಪ್ಯಾರಾಸಿಟಮಾಲ್ ಆದರೆ ಕೊಟ್ಟ ಆರು ಗಂಟೆಯ ನಂತರ, ಐಬುಪ್ರೊಫೇನ್ ಆದರೆ ಎಂಟು ಗಂಟೆಯ ನಂತರ. ಈ ಎರಡರಲ್ಲಿ ಯಾವುದು ತಡವೋ ಅಲ್ಲಿಂದ 24 ಗಂಟೆ ಎಣಿಸಬೇಕು. ನಡುವೆ ಮತ್ತೆ ಜ್ವರ ಬಂದರೆ ಅಥವಾ ತಲೆನೋವಿಗೆಂದೇ ಆಗಲಿ ಒಂದು ಡೋಸ್ ಕೊಟ್ಟರೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಇದು ತುಸು ಬಿಗಿಯಾದ ಲೆಕ್ಕ ಎಂದು ಒಪ್ಪುತ್ತೇನೆ. ಆದರೆ ಬಿಗಿಯಾದುದರಿಂದ ನಷ್ಟವಾಗುವುದು ಹೆಚ್ಚೆಂದರೆ ಅರ್ಧ ದಿನ.

ಒಂದು ಉದಾಹರಣೆಯನ್ನು ಹಾಳೆಯ ಮೇಲಿದ್ದಂತೆಯೇ ನೋಡೋಣ. ಎಂಟು ವರ್ಷದ ಹುಡುಗಿ. ಭಾನುವಾರ ಸಂಜೆ ಐದಕ್ಕೆ ಆಡುತ್ತಿದ್ದವಳು ಚಳಿ ಎಂದು ಒಳಗೆ ಬಂದು ಹೊದ್ದು ಮಲಗಿದಳು, ಆರು ಗಂಟೆಗೆ 102.6. ಸೋಮವಾರ ಇಡೀ ದಿನ ಜ್ವರ ಏರಿಳಿಯುತ್ತ ಸಂಜೆ 103 ಮುಟ್ಟಿತು. ಮಂಗಳವಾರ ಮಧ್ಯಾಹ್ನ 101.5, ರಾತ್ರಿ ಹನ್ನೊಂದೂವರೆಗೆ ಒಂದು ಡೋಸ್ ಪ್ಯಾರಾಸಿಟಮಾಲ್. ಬುಧವಾರ ಬೆಳಿಗ್ಗೆ ಆರಕ್ಕೆ 98.4.

ಬಲೆಯಿರುವುದು ಇಲ್ಲಿಯೇ. ಮಗು ‘ನನಗೆ ವಾಸಿಯಾಗಿದೆ’ ಎನ್ನುತ್ತಿದೆ, ಎರಡು ದಿನದ ಪಾಠ ತಪ್ಪಿದೆ, ಮನೆಯವರಿಗೂ ಕೆಲಸಕ್ಕೆ ಹೋಗಬೇಕಿದೆ. ಆದರೆ ಹಾಳೆ ನೋಡಿದರೆ ಡೋಸ್ ಕೊಟ್ಟು ಆರೂವರೆ ಗಂಟೆಯಷ್ಟೇ ಆಗಿದೆ, ಔಷಧಿಯ ನೆರವಿಲ್ಲದೆ ಒಂದು ಗಂಟೆಯೂ ಸರಿಯಾಗಿ ಕಳೆದಿಲ್ಲ, ಹೊತ್ತು ತಾಪ ಸಹಜವಾಗಿಯೇ ತಗ್ಗಿರುವ ನಸುಕು. ಎಣಿಕೆ ಇನ್ನೂ ಶುರುವಾಗುತ್ತಿದೆಯಷ್ಟೆ. ಮನೆಯಲ್ಲೇ ಉಳಿಸಿಕೊಂಡರು. ಮಧ್ಯಾಹ್ನ ಎರಡಕ್ಕೆ 99.1, ಸಂಜೆ ಆರೂವರೆಗೆ 100.8. ಏಳು ಗಂಟೆಗೆ ಮೈಕೈ ನೋವೆಂದು ಅತ್ತಾಗ ಮತ್ತೊಂದು ಡೋಸ್.

ಈಗ ಲೆಕ್ಕ ಹಾಕಿ. ಕೊನೆಯ ಜ್ವರ ಬುಧವಾರ ಸಂಜೆ ಆರೂವರೆಗೆ. ಏಳು ಗಂಟೆಯ ಡೋಸಿನ ಪರಿಣಾಮ ಮುಗಿಯುವುದು ರಾತ್ರಿ ಒಂದು ಗಂಟೆಗೆ. ತಡವಾದದ್ದು ಇದೇ, ಆದ್ದರಿಂದ ಎಣಿಕೆ ಗುರುವಾರ ನಸುಕಿನ ಒಂದು ಗಂಟೆಗೆ ಶುರುವಾಗಿ ಶುಕ್ರವಾರ ನಸುಕಿನ ಒಂದು ಗಂಟೆಗೆ ಮುಗಿಯಬೇಕು. ಗುರುವಾರ ಬೆಳಿಗ್ಗೆ 98.2, ಮಧ್ಯಾಹ್ನ 98.8, ಸಂಜೆ ಏಳಕ್ಕೆ 99. ಔಷಧಿ ಇಲ್ಲ. ಸಂಜೆಯ ಒರೆ ಹಚ್ಚುವಿಕೆಯಲ್ಲಿ ಪಾಸಾಯಿತು. ಜ್ವರದ ಲೆಕ್ಕದಲ್ಲಿ ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗಲು ಅಡ್ಡಿಯಿಲ್ಲ.

ಬುಧವಾರವೇ ಕಳುಹಿಸಿದ್ದರೆ ಏನಾಗುತ್ತಿತ್ತು? ಕಾಯಿಲೆ ಶುರುವಾಗಿ ಮೂರನೆಯ ದಿನ, ವೈರಸ್ ಇನ್ನೂ ಜೋರಾಗಿ ಹೊರಬೀಳುವ ದಿನ, ಪಕ್ಕದ ಡೆಸ್ಕಿನ ಮಗುವಿನ ಜೊತೆ ಆರು ಗಂಟೆ ಕೂತಿರುತ್ತಿದ್ದಳು. ಶುಕ್ರವಾರದ ಹೊತ್ತಿಗೆ ಐದು ದಿನ ಕಳೆದಿರುತ್ತದೆ. ಆಗಲೂ ಅಪಾಯ ಪೂರ್ತಿ ಸೊನ್ನೆಯಾಗುವುದಿಲ್ಲ, ಬಹಳ ತಗ್ಗಿರುತ್ತದೆ.

ಐದನೆಯ ಹೆಜ್ಜೆ: ಜ್ವರದ ಆಚೆಗೆ ಮಗುವನ್ನೇ ನೋಡಿ

ಥರ್ಮಾಮೀಟರ್ ಒಪ್ಪಿದ ಮೇಲೂ ನಿಯಮದ ಎರಡನೆಯ ಭಾಗ ಉಳಿದಿರುತ್ತದೆ. ಉದಾಹರಣೆಯ ಹುಡುಗಿ ಗುರುವಾರ ಬೆಳಿಗ್ಗೆ ಎದ್ದು ಹತ್ತು ನಿಮಿಷ ಆಡಿ, ಹನ್ನೊಂದು ಗಂಟೆಗೆ ಸೋಫಾದ ಮೇಲೆ ನಿದ್ದೆ ಹೋದಳು ಎಂದುಕೊಳ್ಳಿ. ಹಗಲು ಮಲಗುವ ಅಭ್ಯಾಸವನ್ನು ಎಂದೋ ಬಿಟ್ಟ ಎಂಟು ವರ್ಷದ ಮಗು ಹಾಗೆ ಮಲಗಿದರೆ, ಮರುದಿನ ಪೂರ್ತಿ ತರಗತಿಯಲ್ಲಿ ಕೂರುವಷ್ಟು ಕಸುವು ಬಂದಿಲ್ಲವೆಂದೇ ಅರ್ಥ. ನಾನಾದರೆ ಶುಕ್ರವಾರವನ್ನೂ ಬಿಟ್ಟು, ವಾರಾಂತ್ಯದ ವಿಶ್ರಾಂತಿಯನ್ನೂ ಸೇರಿಸಿ ಸೋಮವಾರ ಕಳುಹಿಸುತ್ತೇನೆ. ಶುಕ್ರವಾರ ತಪ್ಪಿಸಲಾಗದ ಪರೀಕ್ಷೆಯಿದ್ದರೆ ಅದೊಂದನ್ನು ಬರೆಸಿ ಮನೆಗೆ ಕರೆತರಲು ಶಾಲೆಯವರನ್ನು ಕೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಕೆಮ್ಮಿನ ವಿಷಯ ಬೇರೆ. ಫ್ಲೂ ಅಥವಾ ನೆಗಡಿಯ ನಂತರ ಕೆಮ್ಮು ಎರಡು ಮೂರು ವಾರ ಉಳಿಯುವುದು ಸಾಮಾನ್ಯ. ಅದು ನಿಲ್ಲುವವರೆಗೆ ಕಾಯುತ್ತ ಕೂರಬೇಕಿಲ್ಲ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆಯೇ, ರಾತ್ರಿ ನಿದ್ದೆ ಕೆಡಿಸುತ್ತಿಲ್ಲವೇ ಎಂದು ನೋಡಿದರೆ ಸಾಕು. ಮಗುವಿಗೆ ಆಸ್ತಮಾ ಇದ್ದರೆ ಮಾತ್ರ ಕೆಮ್ಮನ್ನು ಹಗುರವಾಗಿ ಕಾಣಬಾರದು. ಇನ್‌ಹೇಲರ್ ಎಂದಿಗಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಜ್ವರ ಬಿಟ್ಟು ಎಷ್ಟು ದಿನವಾಗಿದ್ದರೂ ವೈದ್ಯರಿಗೆ ತೋರಿಸಿದ ಮೇಲೆಯೇ ಶಾಲೆ.

ಆಂಟಿಬಯೋಟಿಕ್ ಶುರು ಮಾಡಿ ಒಂದು ದಿನವಾಯಿತು, ಇನ್ನು ಕಳುಹಿಸಬಹುದಲ್ಲ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಆ ಲೆಕ್ಕ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ಸೋಂಕಿನದು, ಅದನ್ನು ಇಲ್ಲಿಗೆ ಎಳೆದು ತರುವಂತಿಲ್ಲ. ನೆಗಡಿಗೂ ಫ್ಲೂಗೂ ಕಾರಣ ವೈರಸ್, ಅವುಗಳ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಫ್ಲೂಗೆಂದೇ ಇರುವ ಒಸೆಲ್ಟಮಿವಿರ್ ಎಂಬ ಔಷಧಿಯನ್ನು ವೈದ್ಯರು ಕೊಟ್ಟಿದ್ದರೆ, ಅದನ್ನು ಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಿದಾಗ ಕಾಯಿಲೆ ಸುಮಾರು ಒಂದು ದಿನದಷ್ಟು ಬೇಗ ಮುಗಿಯಬಹುದು. ಅದನ್ನು ತೆಗೆದುಕೊಳ್ಳುತ್ತಿರುವ ಮಗುವಿಗೂ 24 ಗಂಟೆಯ ನಿಯಮದಲ್ಲಿ ರಿಯಾಯಿತಿ ಇಲ್ಲ.

ಮರಳಿದ ಮೊದಲ ಐದು ದಿನ

ಶಾಲೆಗೆ ಮರಳಿದ ಕೂಡಲೇ ವೈರಸ್ ಮುಗಿದುಹೋಗಿರುವುದಿಲ್ಲ ಎಂಬ ಕಾರಣಕ್ಕೆ, ಮುಂದಿನ ಐದು ದಿನ ಸ್ವಲ್ಪ ಎಚ್ಚರ ವಹಿಸಬೇಕೆಂಬುದು ಇದೇ ನಿಯಮದ ಇನ್ನೊಂದು ಭಾಗ. ಮಗುವಿಗೆ ಅಭ್ಯಾಸವಿದ್ದರೆ ಮಾಸ್ಕ್ ಹಾಕಿಸಿ, ಮೊಣಕೈಗೆ ಕೆಮ್ಮುವುದನ್ನು ಕಲಿಸಿ, ನೀರಿನ ಬಾಟಲಿ ಹಂಚಿಕೊಳ್ಳಬೇಡವೆಂದು ಹೇಳಿ, ತಿನ್ನುವ ಮೊದಲು ಹಾಗೂ ಮೂಗು ಒರೆಸಿದ ಮೇಲೆ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಲಿ. ಓಟ, ಪಂದ್ಯದಂತಹ ಆಟಗಳನ್ನು ಫ್ಲೂ ಬಂದ ಮಗುವಿಗೆ ಮರಳಿದ ಮೊದಲ ದಿನವೇ ಬೇಡ. ಮನೆಯಲ್ಲಿ ಮೆಟ್ಟಿಲು ಹತ್ತಿ ಇಳಿದಾಗ ಎಂದಿನಂತೆ ಉಸಿರಾಡುತ್ತಿದೆಯೇ ಎಂದು ಒಂದೆರಡು ದಿನ ನೋಡಿ ಆಮೇಲೆ ಬಿಡಬಹುದು.

ಮನೆಯಲ್ಲಿ ಇನ್ನೊಂದು ಮಗುವಿದ್ದರೆ, ಆರೋಗ್ಯವಾಗಿರುವವರೆಗೆ ಅದು ಶಾಲೆಗೆ ಹೋಗಬಹುದು. ಫ್ಲೂ ತಗುಲಿದ ಮೇಲೆ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಬೇಕು, ಹೆಚ್ಚಾಗಿ ಎರಡು ದಿನ. ಅಷ್ಟು ದಿನ ಆ ಮಗುವಿನ ಮೈ ತಾಪವನ್ನೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುತ್ತಿರಿ.

ಎಣಿಕೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕಾದಾಗ

ಕೆಲವು ಚಿಹ್ನೆಗಳು ಕಂಡರೆ ಶಾಲೆಯ ಮಾತು ಬದಿಗಿರಲಿ. ಉಸಿರಾಟ ವೇಗವಾಗಿದ್ದು ಪ್ರತಿ ಉಸಿರಿಗೂ ಪಕ್ಕೆಯ ಕೆಳಗಿನ ಭಾಗ ಒಳಸೇದುವುದು, ತುಟಿ ನೀಲಿಗಟ್ಟುವುದು, ಎಂಟು ಗಂಟೆಯಾದರೂ ಮೂತ್ರ ಮಾಡದಿರುವುದು, ಎಚ್ಚರವಿದ್ದಾಗಲೂ ಮಾತಿಗೆ ಸ್ಪಂದಿಸದಿರುವುದು, ಫಿಟ್ಸ್ ಬರುವುದು, ಇವು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಚಿಹ್ನೆಗಳು. ಒಂದರಿಂದ ಐದು ವರ್ಷದೊಳಗಿನ ಮಗು ಸುಮ್ಮನೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿ, ಉಸಿರು 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಮೂರು ತಿಂಗಳೊಳಗಿನ ಕೂಸು ಮನೆಯಲ್ಲಿದ್ದು, ಅದಕ್ಕೆ 100.4 ಜ್ವರ ಬಂದರೂ ಸಾಕು, ಅದೇ ದಿನ ತೋರಿಸಬೇಕು.

ಹೆಚ್ಚು ಜನರಿಗೆ ತಿಳಿಯದ ಎರಡು ತಿರುವುಗಳನ್ನು ಹೇಳಬೇಕು. ಮೊದಲನೆಯದು, ಜ್ವರ ಬಿಟ್ಟು ಒಂದೆರಡು ದಿನ ಚೆನ್ನಾಗಿದ್ದ ಮಗುವಿಗೆ ಮತ್ತೆ ಜ್ವರ ಬಂದು ಕೆಮ್ಮು ಮೊದಲಿಗಿಂತ ಜೋರಾಗುವುದು. ಇದು ಹಳೆಯ ಫ್ಲೂವಿನ ಬಾಲವಲ್ಲದೆ, ಅದರ ಹಿಂದೆಯೇ ಬಂದ ನ್ಯುಮೋನಿಯಾ ಅಥವಾ ಕಿವಿ ಸೋಂಕು ಇರಬಹುದು. ಇಂಥ ಜ್ವರಕ್ಕೆ ಮತ್ತೊಂದು ಸುತ್ತು 24 ಗಂಟೆ ಎಣಿಸುತ್ತ ಕೂರದೆ ಅಂದೇ ತೋರಿಸಿ.

ಎರಡನೆಯದು, ಜ್ವರ ಇಳಿಯುತ್ತಿರುವಾಗ ಅಥವಾ ಇಳಿದ ಮರುದಿನ ಬೆಳಿಗ್ಗೆ ಮಗು ಎದ್ದು ನಿಲ್ಲಲಾರೆ ಎನ್ನುವುದು. ಮುಟ್ಟಿದರೆ ಮೀನಖಂಡಗಳು ನೋಯುತ್ತವೆ, ಮಗು ತುದಿಗಾಲಲ್ಲಿ ಅಥವಾ ಕಾಲು ಬಿಗಿಹಿಡಿದು ನಡೆಯುತ್ತದೆ, ಇಲ್ಲವೇ ನಡೆಯಲು ಒಪ್ಪುವುದೇ ಇಲ್ಲ. ಶಾಲೆಗೆ ಹೋಗದಿರಲು ನೆಪ ಹೂಡುತ್ತಿದೆ ಎಂದು ಗದರಿಸಬೇಡಿ. ಫ್ಲೂವಿನ ನಂತರ, ಅದರಲ್ಲೂ ಬಿ ಬಗೆಯ ಫ್ಲೂವಿನ ನಂತರ, ಶಾಲಾ ವಯಸ್ಸಿನ ಮಕ್ಕಳ ಕಾಲಿನ ಸ್ನಾಯುಗಳು ಹೀಗೆ ಉರಿಯೂತಕ್ಕೆ ಒಳಗಾಗುವುದುಂಟು. ಸಾಮಾನ್ಯವಾಗಿ ಅದು ವಾರದೊಳಗೆ ತಾನಾಗಿ ವಾಸಿಯಾಗುತ್ತದೆ, ಆದರೂ ಬೇರೆ ಕಾರಣವಿಲ್ಲವೆಂದು ವೈದ್ಯರು ಒಮ್ಮೆ ನೋಡಿ ಹೇಳಬೇಕು. ಆ ದಿನಗಳಲ್ಲಿ ಮೂತ್ರದ ಬಣ್ಣವನ್ನು ಗಮನಿಸುತ್ತಿರಿ. ಕಪ್ಪು ಚಹಾದಂತೆ ಗಾಢ ಕಂದಾಗಿ ಬಂದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂದರ್ಥ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ಬಣ್ಣ ಮಾಮೂಲಿಯಾಗಿದ್ದು, ಮಗು ಗೋಡೆ ಹಿಡಿಯದೆ ಬಚ್ಚಲಿಗೆ ನಡೆದು ಹೋಗುವಂತಾದ ಮರುದಿನ ಶಾಲೆಗೆ ಕಳುಹಿಸಬಹುದು. ಆಟದ ಪೀರಿಯಡ್ ಮಾತ್ರ ಆ ವಾರ ಬೇಡವೆಂದು ಒಂದು ಚೀಟಿ ಬರೆದು ಕೊಡಿ.